ಸಂದರ್ಶನಕ್ಕೆ ಮುನ್ನ ಗುರುಗಳಿಗೊಂದು ಸಂದೇಶ: ‘ರೆಫರೆನ್ಸ್’ ಕೇಳುವ ಬಗೆ

ಬೆಳಗಾವಿ: ಉದ್ಯೋಗದ ಅರ್ಜಿಗಳ ಕೊನೆಯಲ್ಲಿ ‘ರೆಫರೆನ್ಸ್’ ಎಂಬ ಚಿಕ್ಕ ಜಾಗವಿರುತ್ತದೆ. ಅಭ್ಯರ್ಥಿಯನ್ನು ಬಲ್ಲ, ಆದರೆ ಬಂಧುಗಳಲ್ಲದ ಇಬ್ಬರ ಹೆಸರು, ಹುದ್ದೆ, ದೂರವಾಣಿ ಸಂಖ್ಯೆ ಮತ್ತು ಇ-ಮೇಲ್ ವಿಳಾಸವನ್ನು ಅಲ್ಲಿ ಬರೆಯಬೇಕು. ಹೊಸದಾಗಿ ಪದವಿ ಮುಗಿಸಿದವರಿಗೆ ಹಿಂದಿನ ಉದ್ಯೋಗದಾತರು ಇರುವುದಿಲ್ಲವಾದ್ದರಿಂದ ಈ ಜಾಗಕ್ಕೆ ಸಾಮಾನ್ಯವಾಗಿ ಬರುವುದು ಕಾಲೇಜಿನ ಪ್ರಾಧ್ಯಾಪಕರ ಹೆಸರೇ. ಅವರಿಂದ ಮುಂಚಿತವಾಗಿ ಒಪ್ಪಿಗೆ ಪಡೆಯುವ ನಾಲ್ಕು ಸಾಲಿನ ಸಂದೇಶದ ಬಗ್ಗೆ ಬಹುತೇಕ ಅಭ್ಯರ್ಥಿಗಳು ಯೋಚಿಸುವುದು ಕಡಿಮೆ.

ರೆಫರೆನ್ಸ್ ಮತ್ತು ಶಿಫಾರಸು ಪತ್ರ ಎರಡೂ ಒಂದೇ ಎಂಬ ತಪ್ಪು ಕಲ್ಪನೆ ವ್ಯಾಪಕವಾಗಿದೆ. ಶಿಫಾರಸು ಪತ್ರವನ್ನು ಪ್ರಾಧ್ಯಾಪಕರು ಬಿಡುವಿನಲ್ಲಿ ಕುಳಿತು ಬರೆಯುತ್ತಾರೆ. ವಿದೇಶಿ ವಿಶ್ವವಿದ್ಯಾಲಯಗಳು ಹೆಚ್ಚಾಗಿ ಕೇಳುವುದು ಇದನ್ನು. ರೆಫರೆನ್ಸ್‌ನ ಸ್ಥಿತಿ ಬೇರೆ. ಆಯ್ಕೆ ಬಹುತೇಕ ಖಚಿತವಾದ ಮೇಲೆ ಕಂಪನಿಯ ಮಾನವ ಸಂಪನ್ಮೂಲ ವಿಭಾಗದವರೋ ಹಿನ್ನೆಲೆ ಪರಿಶೀಲನೆಯ ಏಜೆನ್ಸಿಯವರೋ ಪ್ರಾಧ್ಯಾಪಕರಿಗೆ ದೂರವಾಣಿ ಕರೆ ಮಾಡುತ್ತಾರೆ, ಇಲ್ಲವೇ ಒಂದು ನಮೂನೆಯನ್ನು ಇ-ಮೇಲ್‌ನಲ್ಲಿ ಕಳುಹಿಸುತ್ತಾರೆ. ಈ ಅಭ್ಯರ್ಥಿ ನಿಮಗೆ ಎಷ್ಟು ವರ್ಷದಿಂದ ಪರಿಚಯ, ಯಾವ ವಿಷಯ ಬೋಧಿಸಿದಿರಿ, ನಡತೆ ಹೇಗಿತ್ತು ಎಂಬ ಪ್ರಶ್ನೆಗಳಿಗೆ ಆ ಕ್ಷಣದಲ್ಲೇ ಉತ್ತರ ಬೇಕು. ಪರಿಚಯವಿಲ್ಲದ ಸಂಖ್ಯೆಯಿಂದ ಬಂದ ಕರೆಯನ್ನು ತರಗತಿಯಲ್ಲಿರುವ ಅಧ್ಯಾಪಕರು ಎತ್ತುವುದಿಲ್ಲ. ಎತ್ತಿದರೂ ಮೂರು ವರ್ಷದ ಹಿಂದಿನ ನೂರು ಮಂದಿಯ ತರಗತಿಯಲ್ಲಿ ಒಂದು ಹೆಸರನ್ನು ನೆನಪಿಸಿಕೊಳ್ಳುವುದು ಸುಲಭವಲ್ಲ. ‘ನೆನಪಿಲ್ಲ’ ಎಂಬ ಪ್ರಾಮಾಣಿಕ ಉತ್ತರವೇ ಪರಿಶೀಲನೆಯನ್ನು ಅಲ್ಲಿಗೆ ನಿಲ್ಲಿಸಬಲ್ಲದು.

ಆದ್ದರಿಂದ ಸಂದೇಶದ ಮೊದಲ ಕೆಲಸ ನೆನಪು ಮೂಡಿಸುವುದು. ಬೆಳಗಾವಿ ಭಾಗದಲ್ಲಿ ಇದಕ್ಕೆ ಇನ್ನೊಂದು ತೊಡಕಿದೆ. ಇಲ್ಲಿ ಹಲವರ ಪೂರ್ಣ ಹೆಸರಿನಲ್ಲಿ ಸ್ವಂತ ಹೆಸರು, ತಂದೆಯ ಹೆಸರು, ಅಡ್ಡಹೆಸರು ಮೂರೂ ಇರುತ್ತವೆ. ಮದುವೆಯಾದ ಬಳಿಕ ಅನೇಕ ಹೆಣ್ಣುಮಕ್ಕಳ ಮಧ್ಯದ ಹೆಸರು ಮತ್ತು ಅಡ್ಡಹೆಸರು ಎರಡೂ ಬದಲಾಗುತ್ತವೆ. ಗುರುತಿನ ಚೀಟಿಯಲ್ಲಿ ಹೊಸ ಹೆಸರು, ಅಂಕಪಟ್ಟಿಯಲ್ಲಿ ಹಳೆಯ ಹೆಸರು. ಏಜೆನ್ಸಿಯವರು ಅರ್ಜಿಯಲ್ಲಿದ್ದ ಹೊಸ ಹೆಸರನ್ನು ಹೇಳಿದಾಗ ಪ್ರಾಧ್ಯಾಪಕರಿಗೆ ಆ ಹೆಸರಿನ ವಿದ್ಯಾರ್ಥಿನಿಯೇ ಗೊತ್ತಿರುವುದಿಲ್ಲ.

ಖಾನಾಪುರದಿಂದ ಬೆಳಗಾವಿಗೆ ಬಂದು ಬಿ.ಕಾಂ. ಓದಿ, 2021ರಲ್ಲಿ ತೇರ್ಗಡೆಯಾಗಿ, ಆನಂತರ ಮದುವೆಯಾದ ಅಭ್ಯರ್ಥಿಯೊಬ್ಬರನ್ನು ಉದಾಹರಣೆಗೆ ತೆಗೆದುಕೊಳ್ಳಬಹುದು. ಇಂಥವರು ಅವಸರದಲ್ಲಿ ಕಳುಹಿಸುವ ಸಂದೇಶ ಸಾಮಾನ್ಯವಾಗಿ ಹೀಗಿರುತ್ತದೆ: ‘ಸರ್ ನಮಸ್ಕಾರ, ಹೇಗಿದ್ದೀರಿ? ರೆಫರೆನ್ಸ್‌ಗೆ ನಿಮ್ಮ ನಂಬರ್ ಕೊಟ್ಟಿದ್ದೇನೆ. ಫೋನ್ ಬಂದರೆ ಸ್ವಲ್ಪ ಒಳ್ಳೆಯದು ಹೇಳಿ ಸರ್.’ ಇದರಲ್ಲಿ ಬರೆದವರು ಯಾರೆಂದು ಗೊತ್ತಾಗುವುದಿಲ್ಲ. ಯಾವ ಕೆಲಸ, ಯಾವಾಗ ಕರೆ ಎಂಬುದೂ ಇಲ್ಲ. ಒಪ್ಪಿಗೆಯನ್ನಂತೂ ಕೇಳಿಯೇ ಇಲ್ಲ, ಸಂಖ್ಯೆ ಆಗಲೇ ಕೈಬದಲಾಗಿದೆ. ಪ್ರಾಧ್ಯಾಪಕರಿಗೆ ಇರಿಸುಮುರಿಸಾಗುವುದು ಮುಖ್ಯವಾಗಿ ಈ ಕೊನೆಯ ಕಾರಣಕ್ಕೆ.

ಅದನ್ನೇ ಹೀಗೆ ಬರೆಯಬಹುದು:

‘ಮಾನ್ಯ ಸರ್, ನಮಸ್ಕಾರ. ನಾನು ——. ಕಾಲೇಜಿನ ದಾಖಲೆಯಲ್ಲಿ ನನ್ನ ಹೆಸರು ——, ಮದುವೆಗೆ ಮುಂಚಿನದು. 2021ರ ಬಿ.ಕಾಂ. ತಂಡ, ಖಾನಾಪುರದಿಂದ ರೈಲಿನಲ್ಲಿ ಬರುತ್ತಿದ್ದೆ. ಕೊನೆಯ ವರ್ಷ ತಾವು ನಮಗೆ ವೆಚ್ಚ ಲೆಕ್ಕಶಾಸ್ತ್ರ ಬೋಧಿಸಿದ್ದಿರಿ, ನನ್ನ ಪ್ರಾಜೆಕ್ಟ್ ಕೂಡ ತಮ್ಮ ಮಾರ್ಗದರ್ಶನದಲ್ಲೇ ಆಗಿತ್ತು. ಮುಂದಿನ ತಿಂಗಳು ಬೆಂಗಳೂರಿನ ಒಂದು ಕಂಪನಿಯ ಲೆಕ್ಕಪತ್ರ ವಿಭಾಗದ ಹುದ್ದೆಗೆ ಸಂದರ್ಶನವಿದೆ. ತಮ್ಮ ಹೆಸರನ್ನು ರೆಫರೆನ್ಸ್ ಆಗಿ ಕೊಡಲು ಅನುಮತಿ ಕೋರುತ್ತೇನೆ. ಅರ್ಜಿ ಸಲ್ಲಿಸಲು ಇನ್ನೂ ಹತ್ತು ದಿನವಿದೆ. ತಾವು ಒಪ್ಪಿದರೆ ಯಾವ ಸಂಖ್ಯೆ, ಯಾವ ಇ-ಮೇಲ್ ಕೊಡಲಿ, ಯಾವ ವೇಳೆಗೆ ಕರೆ ಬಂದರೆ ಅನುಕೂಲ ಎಂದು ತಿಳಿಸಬೇಕು. ತಮಗೆ ಕಷ್ಟವಾದರೆ ದಯವಿಟ್ಟು ಸಂಕೋಚವಿಲ್ಲದೆ ಹೇಳಿ ಸರ್.’

ಇಲ್ಲಿನ ಕೊನೆಯ ವಾಕ್ಯ ಬರಿಯ ಔಪಚಾರಿಕತೆಗಾಗಿ ಸೇರಿಸಿದ್ದಲ್ಲ. ನಮ್ಮ ಕಡೆಯ ಗುರುಗಳಿಗೆ ಹಳೆಯ ಶಿಷ್ಯರಿಗೆ ಇಲ್ಲ ಎನ್ನಲು ಮನಸ್ಸು ಬಾರದು. ಅರೆಮನಸ್ಸಿನಿಂದ ಒಪ್ಪಿಕೊಂಡವರು ಕರೆ ಬಂದಾಗ ‘ಹ್ಞೂಂ, ನಮ್ಮ ಕಾಲೇಜಿನವರೇ’ ಎಂದಷ್ಟೇ ಹೇಳಿ ಮುಗಿಸುತ್ತಾರೆ. ಅಂಥ ಉತ್ತರಕ್ಕಿಂತ ಮೊದಲೇ ಸಿಕ್ಕ ನಿರಾಕರಣೆ ಅಭ್ಯರ್ಥಿಗೆ ಅನುಕೂಲಕರ, ಬೇರೊಬ್ಬರನ್ನು ಕೇಳಲು ಸಮಯ ಉಳಿಯುತ್ತದೆ. ಸಂದೇಶಕ್ಕೆ ಉತ್ತರವೇ ಬಾರದಿದ್ದರೆ ಅದನ್ನು ಒಪ್ಪಿಗೆ ಎಂದು ಭಾವಿಸುವಂತಿಲ್ಲ. ಮೂರ್ನಾಲ್ಕು ದಿನ ಕಾದು ಸಂಜೆಯ ವೇಳೆ ಒಮ್ಮೆ ಕರೆ ಮಾಡುವುದು ಈ ಭಾಗದ ರೂಢಿಗೆ ಹೊಂದುತ್ತದೆ. ಪರೀಕ್ಷೆ ಮತ್ತು ಮೌಲ್ಯಮಾಪನದ ದಿನಗಳಲ್ಲಿ ಇನ್ನೂ ಹೆಚ್ಚು ಕಾಯಬೇಕಾದೀತು.

ಯಾರನ್ನು ಕೇಳಬೇಕು ಎಂಬುದು ಸಂದೇಶಕ್ಕಿಂತ ಕಠಿಣ ಪ್ರಶ್ನೆ. ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳಲ್ಲಿ ಪಾಠದ ದೊಡ್ಡ ಪಾಲನ್ನು ಅತಿಥಿ ಉಪನ್ಯಾಸಕರು ನಿರ್ವಹಿಸುತ್ತಾರೆ. ವಿದ್ಯಾರ್ಥಿಯನ್ನು ಚೆನ್ನಾಗಿ ಬಲ್ಲವರು ಎಷ್ಟೋ ವೇಳೆ ಅವರೇ. ಆದರೆ ಮುಂದಿನ ವರ್ಷ ಅವರು ಅದೇ ಕಾಲೇಜಿನಲ್ಲಿ ಇರುತ್ತಾರೆಂಬ ಖಾತರಿ ಇಲ್ಲ, ಸಂಸ್ಥೆಯ ಅಧಿಕೃತ ಇ-ಮೇಲ್ ವಿಳಾಸವೂ ಇರಲಿಕ್ಕಿಲ್ಲ. ಪರಿಶೀಲನೆ ಮಾಡುವವರು ಮಾತ್ರ ವೈಯಕ್ತಿಕ ಇ-ಮೇಲ್‌ಗಿಂತ ಸಂಸ್ಥೆಯ ವಿಳಾಸವನ್ನೇ ನೆಚ್ಚುತ್ತಾರೆ. ಹೀಗಿರುವಾಗ ವಿಭಾಗದ ಮುಖ್ಯಸ್ಥರೊಬ್ಬರು ಮತ್ತು ಪಾಠ ಹೇಳಿದ ಅತಿಥಿ ಉಪನ್ಯಾಸಕರೊಬ್ಬರು ಎಂಬ ಜೋಡಿ ಉತ್ತಮ. ಅತಿಥಿ ಉಪನ್ಯಾಸಕರ ಹೆಸರಿನ ಮುಂದೆ ಈಗಿನ ಹುದ್ದೆಯ ಜತೆಗೆ ‘ಆಗ ಇಂಥ ಕಾಲೇಜಿನಲ್ಲಿ’ ಎಂದು ವರ್ಷಸಹಿತ ನಮೂದಿಸಿದರೆ ಪರಿಶೀಲಿಸುವವರಿಗೆ ಗೊಂದಲವಾಗದು.

ಸಂಸ್ಥೆಯ ಹೆಸರಿನಲ್ಲೂ ಎಚ್ಚರ ಬೇಕು. ರಾಣಿ ಚನ್ನಮ್ಮ ವಿಶ್ವವಿದ್ಯಾಲಯ ಸ್ಥಾಪನೆಯಾದದ್ದು 2010ರಲ್ಲಿ. ಅದಕ್ಕೂ ಮುಂಚೆ ಜಿಲ್ಲೆಯ ಪದವಿ ಕಾಲೇಜುಗಳು ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ವ್ಯಾಪ್ತಿಯಲ್ಲಿದ್ದವು. ಎಂಜಿನಿಯರಿಂಗ್ ಪದವಿ 1998ರಲ್ಲಿ ಆರಂಭವಾದ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ್ದಾದರೂ ಪಾಠ ಹೇಳಿದ ಪ್ರಾಧ್ಯಾಪಕರು ಕಾಲೇಜಿನ ನೌಕರರು. ಪ್ರಾಧ್ಯಾಪಕರ ಹೆಸರಿನ ಎದುರು ವಿಶ್ವವಿದ್ಯಾಲಯದ ಹೆಸರು ಬರೆದರೆ, ಅಲ್ಲಿ ವಿಚಾರಿಸಿದವರಿಗೆ ಅಂಥವರು ನಮ್ಮಲ್ಲಿಲ್ಲ ಎಂಬ ಉತ್ತರ ಬರಬಹುದು. ಊರಿನ ಹೆಸರೂ 2014ರ ನವೆಂಬರ್ 1ರಿಂದ ಬೆಳಗಾವಿ ಎಂದಾಗಿದೆ. ಹಳೆಯ ದಾಖಲೆಗಳಲ್ಲಿ ಬೆಳಗಾಂ ಎಂದಿರುವುದರಿಂದ ತೊಂದರೆಯೇನೂ ಇಲ್ಲ.

ನಿವೃತ್ತರಾದವರ ವಿಚಾರ ಬೇರೆ. ಅವರಿಗೆ ಬಿಡುವು ಹೆಚ್ಚು, ಹಳೆಯ ತರಗತಿಗಳ ನೆನಪೂ ಹೆಚ್ಚು. ಖಾನಾಪುರ ತಾಲ್ಲೂಕಿನ ಜಾಂಬೋಟಿ, ಕಣಕುಂಬಿ ಕಡೆಯ ಕಾಡಂಚಿನ ಊರುಗಳಿಗೆ ಮರಳಿದವರಿಗೆ ಮಳೆಗಾಲದಲ್ಲಿ ದೂರವಾಣಿ ಸಂಪರ್ಕ ಸಿಗುವುದೇ ಕಷ್ಟ. ಕರೆ ಎರಡು ಬಾರಿ ವಿಫಲವಾದರೆ ಏಜೆನ್ಸಿಯವರು ‘ಸಂಪರ್ಕಕ್ಕೆ ಸಿಗಲಿಲ್ಲ’ ಎಂದು ಬರೆದು ಮುಂದೆ ಹೋಗಬಹುದು. ಅಂಥವರ ಇ-ಮೇಲ್ ಅಥವಾ ಮನೆಯವರ ಇನ್ನೊಂದು ಸಂಖ್ಯೆಯನ್ನು ಅವರ ಒಪ್ಪಿಗೆ ಪಡೆದು ಕೊಡಬೇಕು. ಖಾನಾಪುರ ಪಟ್ಟಣಕ್ಕೆ ಬೆಳಗಾವಿಯಿಂದ ಸುಮಾರು 25 ಕಿ.ಮೀ. ಮಾತ್ರ. ಬಸ್ಸಿನಲ್ಲಿ ಹೋಗಿ ಮುಖತಃ ಕೇಳಿದರೆ ಸಂದೇಶಕ್ಕಿಂತ ಮೇಲು.

ಸಂದೇಶದ ಭಾಷೆ ಕನ್ನಡವೋ ಮರಾಠಿಯೋ ಇಂಗ್ಲಿಷೋ ಎಂಬುದಕ್ಕೆ ತರಗತಿಯ ಹೊರಗೆ ಆ ಪ್ರಾಧ್ಯಾಪಕರೊಂದಿಗೆ ಮಾತಾಡುತ್ತಿದ್ದ ಭಾಷೆಯೇ ಉತ್ತರ. ಒಪ್ಪಿಗೆ ದೊರೆತ ಮೇಲೆ ಕಳುಹಿಸುವ ಒಂದು ಪುಟದ ಸ್ವವಿವರ ಮಾತ್ರ ಇಂಗ್ಲಿಷಿನಲ್ಲಿರಲಿ, ಕರೆ ಮಾಡುವವರು ಪ್ರಶ್ನೆ ಕೇಳುವುದು ಬಹುಪಾಲು ಆ ಭಾಷೆಯಲ್ಲೇ. ಜತೆಗೆ ಕಂಪನಿಯ ಹೆಸರು, ಹುದ್ದೆ, ಕರೆ ಬರಬಹುದಾದ ವಾರ ಇವಿಷ್ಟನ್ನು ಒಂದೇ ಸಾಲಿನಲ್ಲಿ ಬರೆದಿಟ್ಟರೆ, ಅಪರಿಚಿತ ಸಂಖ್ಯೆ ಕಂಡಾಗ ಪ್ರಾಧ್ಯಾಪಕರು ಅದನ್ನು ಎತ್ತುವ ಸಂಭವ ಹೆಚ್ಚು. ಫಲಿತಾಂಶ ಏನೇ ಆದರೂ ಅದನ್ನು ಅವರಿಗೆ ತಿಳಿಸುವವರು ವಿರಳ. ಅದೇ ಪ್ರಾಧ್ಯಾಪಕರನ್ನು ಮುಂದಿನ ಹುದ್ದೆಗೂ ಕೇಳಬೇಕಾಗಿ ಬರುತ್ತದೆ.