ಬರ್ನ್-ಅಪ್ ನಕ್ಷೆ

ಬರ್ನ್-ಅಪ್ ನಕ್ಷೆ ಎಂಬುದು ಯಾವುದೇ ಯೋಜನೆಯ ಪ್ರಗತಿಯನ್ನು ಕಾಲಕ್ರಮದಲ್ಲಿ ತೋರಿಸುವ ರೇಖಾನಕ್ಷೆ. ಇದರಲ್ಲಿ ಎರಡು ರೇಖೆಗಳಿರುತ್ತವೆ. ಒಂದು ಆ ದಿನದವರೆಗೆ ಮುಗಿದ ಕೆಲಸದ ಮೊತ್ತವನ್ನು ತೋರಿಸಿದರೆ, ಇನ್ನೊಂದು ಆ ದಿನದಂದು ಯೋಜನೆಯಲ್ಲಿ ಸೇರಿರುವ ಒಟ್ಟು ಕೆಲಸವನ್ನು, ಅಂದರೆ ವ್ಯಾಪ್ತಿಯನ್ನು ತೋರಿಸುತ್ತದೆ. ಎರಡು ರೇಖೆಗಳ ನಡುವಿನ ಅಂತರವೇ ಉಳಿದಿರುವ ಕೆಲಸ. ರೇಖೆಗಳು ಕೂಡುವ ಬಿಂದುವಿನಲ್ಲಿ ಯೋಜನೆ ಮುಗಿಯುತ್ತದೆ. ತಂತ್ರಾಂಶ ತಯಾರಿಕೆಯ ಅಜೈಲ್ ಪದ್ಧತಿಗಳಲ್ಲಿ ಇದು ಹೆಚ್ಚು ಬಳಕೆಯಲ್ಲಿದ್ದರೂ, ಎಣಿಸಬಹುದಾದ ಯಾವ ಕಾಮಗಾರಿಗೂ ಅನ್ವಯಿಸುತ್ತದೆ.

ಬರ್ನ್-ಡೌನ್ ನಕ್ಷೆಯೊಡನೆ ಸಂಬಂಧ

ಬರ್ನ್-ಡೌನ್ ನಕ್ಷೆಯಲ್ಲಿ ಒಂದೇ ರೇಖೆ ಇರುತ್ತದೆ. ಅದು ಉಳಿದ ಕೆಲಸವನ್ನು ತೋರಿಸುತ್ತ ಸೊನ್ನೆಯ ಕಡೆಗೆ ಇಳಿಯುತ್ತದೆ. ಸ್ಕ್ರಮ್ ಪದ್ಧತಿಯ ಪ್ರವರ್ತಕರಲ್ಲಿ ಒಬ್ಬರಾದ ಕೆನ್ ಶ್ವಾಬರ್ ಅವರ ಬರಹಗಳಿಂದ ಅದು 2000ದ ಸುಮಾರಿಗೆ ಪ್ರಚಾರಕ್ಕೆ ಬಂದಿತು. 2020ರ ಸ್ಕ್ರಮ್ ಮಾರ್ಗದರ್ಶಿಯು ಪ್ರಗತಿಯನ್ನು ಅಂದಾಜಿಸುವ ರೂಢಿಗಳೆಂದು ಬರ್ನ್-ಡೌನ್ ಮತ್ತು ಬರ್ನ್-ಅಪ್ ಎರಡನ್ನೂ ಹೆಸರಿಸುತ್ತದೆ. ಯಾವುದನ್ನೂ ಕಡ್ಡಾಯ ಮಾಡುವುದಿಲ್ಲ.

ಉಳಿದ ಕೆಲಸವೆಂದರೆ ಒಟ್ಟು ಕೆಲಸದಲ್ಲಿ ಮುಗಿದ ಕೆಲಸವನ್ನು ಕಳೆದು ಬರುವ ಸಂಖ್ಯೆ. ಒಟ್ಟು ಸ್ಥಿರವಾಗಿದ್ದಾಗ ಈ ಒಂದು ಸಂಖ್ಯೆಯೇ ಸಾಕು. ಒಟ್ಟು ಬದಲಾಗುತ್ತಿದ್ದರೆ ಕಳೆಯುವ ಲೆಕ್ಕದಲ್ಲಿ ಎರಡು ಬೇರೆ ಸಂಗತಿಗಳು ಕರಗಿ ಒಂದಾಗುತ್ತವೆ. ರೇಖೆ ಇಳಿಯದಿದ್ದರೆ ಕೆಲಸ ನಿಂತಿತೇ, ಹೊಸ ಕೆಲಸ ಸೇರಿತೇ ಎಂಬುದನ್ನು ಆ ನಕ್ಷೆಯಿಂದ ತಿಳಿಯಲಾಗದು.

ವ್ಯಾಪ್ತಿ ಬದಲಾಗುವ ಯೋಜನೆಗಳು

ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆ, ಮೊಳಕಾಲ್ಮುರು ತಾಲ್ಲೂಕುಗಳಿಗೂ ನೀರು ತರುವ ಉದ್ದೇಶದ ಭದ್ರಾ ಮೇಲ್ದಂಡೆ ಯೋಜನೆಯು ವ್ಯಾಪ್ತಿ ಬದಲಾಗುವುದಕ್ಕೆ ಪರಿಚಿತ ನಿದರ್ಶನ. ಮೊದಲು ಸುಮಾರು 1.07 ಲಕ್ಷ ಹೆಕ್ಟೇರ್ ನೀರಾವರಿಗೆಂದು ರೂಪುಗೊಂಡ ಯೋಜನೆಯಲ್ಲಿ ಅನಂತರ ಸೂಕ್ಷ್ಮ ನೀರಾವರಿಯನ್ನು ಅಳವಡಿಸಿ 2,25,515 ಹೆಕ್ಟೇರ್ ಗುರಿ ಇಡಲಾಯಿತು. 367 ಕೆರೆಗಳನ್ನು ತುಂಬಿಸುವ ಕೆಲಸವೂ ಅದರಲ್ಲಿದೆ. 2008ರಲ್ಲಿ 5,985 ಕೋಟಿ ರೂಪಾಯಿಯಷ್ಟಿದ್ದ ಅಂದಾಜು ವೆಚ್ಚ ಪರಿಷ್ಕರಣೆಗಳ ನಂತರ 21,473 ಕೋಟಿಗೆ ಏರಿತು.

ಇಂತಹ ಯೋಜನೆಗೆ ನಕ್ಷೆ ಬರೆಯುವಾಗ ರೂಪಾಯಿ ತಕ್ಕ ಅಳತೆಯಲ್ಲ. ವೆಚ್ಚದ ಏರಿಕೆಯಲ್ಲಿ ಹೊಸ ಕೆಲಸದ ಜೊತೆಗೆ ಸಾಮಗ್ರಿ ಮತ್ತು ಭೂಮಿಯ ಬೆಲೆಯೇರಿಕೆಯೂ ಬೆರೆತಿರುತ್ತದೆ. ಹೆಕ್ಟೇರ್, ಕೆರೆಗಳ ಸಂಖ್ಯೆ, ಕಾಲುವೆಯ ಕಿಲೋಮೀಟರ್ ಮೊದಲಾದ ಭೌತಿಕ ಅಳತೆಗಳಲ್ಲಿ ವ್ಯಾಪ್ತಿ ನಿಜವಾಗಿ ಎಷ್ಟು ಬೆಳೆಯಿತೆಂಬುದು ಸ್ಪಷ್ಟವಾಗುತ್ತದೆ.

ಉದಾಹರಣೆ

ಚಳ್ಳಕೆರೆ ತಾಲ್ಲೂಕಿನ ಕೆಲವು ಗ್ರಾಮಗಳಲ್ಲಿ 2,000 ಮನೆಗಳಿಗೆ ನಳ ಸಂಪರ್ಕ ನೀಡುವ ಕಾಮಗಾರಿಯೊಂದನ್ನು ಕಲ್ಪಿಸಿಕೊಳ್ಳಬಹುದು. ತಿಂಗಳಿಗೆ 200 ಮನೆಗಳಂತೆ ಹತ್ತು ತಿಂಗಳಲ್ಲಿ ಮುಗಿಸುವುದು ಯೋಜನೆ. ಮೂರನೆಯ ತಿಂಗಳಲ್ಲಿ ಸಮೀಕ್ಷೆಯಿಂದ ಬಿಟ್ಟುಹೋಗಿದ್ದ ಒಂದು ಗೊಲ್ಲರಹಟ್ಟಿಯ 200 ಮನೆಗಳೂ, ಐದನೆಯ ತಿಂಗಳಲ್ಲಿ ಮತ್ತೆರಡು ಹಟ್ಟಿಗಳ 400 ಮನೆಗಳೂ ಪಟ್ಟಿಗೆ ಸೇರಿದವು ಎಂದಿಟ್ಟುಕೊಳ್ಳೋಣ. ಕೆಲಸ ಮಾತ್ರ ಪ್ರತಿ ತಿಂಗಳೂ ತಪ್ಪದೆ 200 ಮನೆಗಳಂತೆ ಸಾಗಿದೆ. (ಇಲ್ಲಿನ ಅಂಕಿಗಳು ಕಲ್ಪಿತ.)

| ತಿಂಗಳ ಕೊನೆ | ಒಟ್ಟು ವ್ಯಾಪ್ತಿ | ಮುಗಿದದ್ದು | ಉಳಿದದ್ದು |
|---|---|---|---|
| 1 | 2,000 | 200 | 1,800 |
| 2 | 2,000 | 400 | 1,600 |
| 3 | 2,200 | 600 | 1,600 |
| 4 | 2,200 | 800 | 1,400 |
| 5 | 2,600 | 1,000 | 1,600 |
| 6 | 2,600 | 1,200 | 1,400 |

ಬರ್ನ್-ಡೌನ್ ನಕ್ಷೆಯು ಕೊನೆಯ ಅಂಕಣವನ್ನು ಮಾತ್ರ ತೋರಿಸುತ್ತದೆ. ಎರಡನೆಯ ತಿಂಗಳ ಕೊನೆಯಲ್ಲಿ 1,600 ಇದ್ದದ್ದು ಐದನೆಯ ತಿಂಗಳ ಕೊನೆಯಲ್ಲೂ 1,600. ಅದನ್ನಷ್ಟೇ ನೋಡಿದ ಅಧಿಕಾರಿಗೆ ಮೂರು ತಿಂಗಳು ಏನೂ ಆಗಲಿಲ್ಲವೆಂದು ತೋರಬಹುದು. ಆದರೆ ಆ ಅವಧಿಯಲ್ಲೇ 600 ಮನೆಗಳಿಗೆ ನಳ ಬಂದಿದೆ. ಮೂರನೆಯ ತಿಂಗಳಲ್ಲಿ ಹೊಸ ಹಟ್ಟಿ ಸೇರದೆ ಗುತ್ತಿಗೆದಾರನು ಕೆಲಸವನ್ನೇ ನಿಲ್ಲಿಸಿದ್ದರೂ ಉಳಿಕೆ 1,600 ಆಗಿಯೇ ಇರುತ್ತಿತ್ತು. ಮೊದಲ ಸಂದರ್ಭದಲ್ಲಿ ಹೆಚ್ಚುವರಿ ಸಮಯ ಅಥವಾ ತಂಡ ಮಂಜೂರು ಮಾಡಬೇಕು. ಎರಡನೆಯದರಲ್ಲಿ ಗುತ್ತಿಗೆದಾರನಿಂದ ವಿವರಣೆ ಕೇಳಬೇಕು. ಪರಿಹಾರಗಳು ಬೇರೆಯಾದರೂ ಬರ್ನ್-ಡೌನ್ ರೇಖೆ ಒಂದೇ.

ಬರ್ನ್-ಅಪ್ ನಕ್ಷೆಯಲ್ಲಿ ಮುಗಿದ ಕೆಲಸದ ರೇಖೆ ನೇರವಾಗಿ ಏರುತ್ತದೆ. ವ್ಯಾಪ್ತಿಯ ರೇಖೆ ಮೂರನೆಯ ಮತ್ತು ಐದನೆಯ ತಿಂಗಳಲ್ಲಿ ಮೆಟ್ಟಿಲಿನಂತೆ ಮೇಲೇರುತ್ತದೆ. ತಂಡ ನಿಧಾನವಾಗಿಲ್ಲ, ಗುರಿ ದೂರ ಸರಿದಿದೆ ಎಂಬುದು ಒಂದೇ ನೋಟಕ್ಕೆ ತಿಳಿಯುತ್ತದೆ.

ಮುಕ್ತಾಯದ ಅಂದಾಜು

ಆರನೆಯ ತಿಂಗಳ ಕೊನೆಯಲ್ಲಿ 1,400 ಮನೆಗಳು ಉಳಿದಿವೆ. ವ್ಯಾಪ್ತಿ ಇನ್ನು ಬೆಳೆಯದಿದ್ದರೆ, ತಿಂಗಳಿಗೆ 200ರಂತೆ ಏಳು ತಿಂಗಳು ಬೇಕು. ಕೆಲಸ ಹದಿಮೂರನೆಯ ತಿಂಗಳಲ್ಲಿ ಮುಗಿಯುತ್ತದೆ. ಆದರೆ ಆರು ತಿಂಗಳಲ್ಲಿ ವ್ಯಾಪ್ತಿ 600, ಅಂದರೆ ತಿಂಗಳಿಗೆ ಸರಾಸರಿ 100 ಹೆಚ್ಚಿದೆ. ಅದೇ ರೂಢಿ ಮುಂದುವರಿದರೆ ಅಂತರ ತಿಂಗಳಿಗೆ 100 ಮಾತ್ರ ಕಡಿಮೆಯಾಗಿ, ಇನ್ನೂ ಹದಿನಾಲ್ಕು ತಿಂಗಳು ಹಿಡಿಯುತ್ತದೆ. ಮುಕ್ತಾಯ ಇಪ್ಪತ್ತನೆಯ ತಿಂಗಳಿಗೆ ಹೋಗುತ್ತದೆ. ವ್ಯಾಪ್ತಿಯೂ ತಿಂಗಳಿಗೆ 200ರಂತೆ ಬೆಳೆದರೆ ರೇಖೆಗಳು ಸಮಾನಾಂತರವಾಗಿ ಎಂದಿಗೂ ಕೂಡುವುದಿಲ್ಲ. ಎರಡೂ ರೇಖೆಗಳನ್ನು ಮುಂದಕ್ಕೆ ಎಳೆದು ಹೀಗೆ ಒಂದು ಅವಧಿಯನ್ನು ಹೇಳುವುದು ಒಂದೇ ದಿನಾಂಕ ಹೇಳುವುದಕ್ಕಿಂತ ಪ್ರಾಮಾಣಿಕ.

ತಯಾರಿಕೆಯಲ್ಲಿ ಗಮನಿಸಬೇಕಾದವು

ಕೆಲಸ ಮುಗಿಯಿತು ಎನ್ನಲು ಮೊದಲೇ ಒಂದು ನಿಯಮ ಬೇಕು. 2019ರಲ್ಲಿ ಆರಂಭವಾದ ಜಲ ಜೀವನ್ ಮಿಷನ್‌ನ ಗುರಿ ನಳ ಹಾಕುವುದಷ್ಟೇ ಅಲ್ಲ. ತಲಾ ದಿನಕ್ಕೆ 55 ಲೀಟರ್ ನೀರು ಒದಗಿಸುವುದು. ಕೊಳವೆ ಹೂಳಿದ ದಿನವೇ ಮನೆಯನ್ನು ಮುಗಿದ ಪಟ್ಟಿಗೆ ಸೇರಿಸಿದರೆ ರೇಖೆ ಬೇಗ ಏರುತ್ತದೆ, ನೀರು ಮಾತ್ರ ಬರುವುದಿಲ್ಲ.

ವ್ಯಾಪ್ತಿಯ ಪ್ರತಿಯೊಂದು ಮೆಟ್ಟಿಲಿಗೂ ದಿನಾಂಕ ಮತ್ತು ಕಾರಣವನ್ನು ಬರೆದಿಡಬೇಕು. ವ್ಯಾಪ್ತಿ ಕಡಿತಗೊಂಡಾಗ ಆ ರೇಖೆ ಇಳಿಯಬೇಕು. ಬರ್ನ್-ಡೌನ್‌ನಲ್ಲಿ 300 ಮನೆಗಳನ್ನು ಪಟ್ಟಿಯಿಂದ ಕೈಬಿಟ್ಟರೆ ಅಷ್ಟು ಕೆಲಸ ಮುಗಿದಂತೆಯೇ ಕಾಣುತ್ತದೆ. ಬರ್ನ್-ಅಪ್‌ನಲ್ಲಿ ಅದು ಮರೆಯಾಗುವುದಿಲ್ಲ. ವ್ಯಾಪ್ತಿ ಬದಲಾದಾಗ ಹಿಂದಿನ ತಿಂಗಳುಗಳ ಅಂಕಿಗಳನ್ನೂ ತಿದ್ದಿ ರೇಖೆಯನ್ನು ಮೊದಲಿನಿಂದಲೇ ನೇರವಾಗಿಸಿದರೆ ನಕ್ಷೆಯ ಉದ್ದೇಶವೇ ಕೆಡುತ್ತದೆ.

ಮಿತಿಗಳು

ಅರ್ಧಕ್ಕೆ ನಿಂತ ಕೆಲಸ ಎಷ್ಟೆಂಬುದನ್ನು ಈ ನಕ್ಷೆ ತೋರಿಸುವುದಿಲ್ಲ. ಅದಕ್ಕೆ ಪ್ರತಿ ಹಂತಕ್ಕೂ ಒಂದೊಂದು ಪಟ್ಟಿಯಿರುವ ಸಂಚಿತ ಹರಿವಿನ ನಕ್ಷೆ ಬೇಕು. ಎಣಿಕೆಯ ಘಟಕಗಳೆಲ್ಲ ಸಮಾನವೆಂಬ ಊಹೆಯೂ ಇದರಲ್ಲಿದೆ: ಊರೊಳಗಿನ ಮನೆಗೂ ಮೂರು ಕಿಲೋಮೀಟರ್ ಕೊಳವೆ ಎಳೆಯಬೇಕಾದ ಹಟ್ಟಿಯ ಮನೆಗೂ ಒಂದೇ ಲೆಕ್ಕ. ಅಂತಹ ಕಡೆ ಕೊಳವೆಯ ಉದ್ದಕ್ಕೆ ಪ್ರತ್ಯೇಕ ನಕ್ಷೆ ಇಡುವುದು ಸೂಕ್ತ. ಎರಡು ವಾರದಂತಹ ಅಲ್ಪಾವಧಿಯಲ್ಲಿ ವ್ಯಾಪ್ತಿ ಬದಲಾಗದ ಕೆಲಸಕ್ಕೆ ಬರ್ನ್-ಡೌನ್ ನಕ್ಷೆಯೇ ಸರಳ ಮತ್ತು ಸಾಕಷ್ಟು.