ಓಂ ಬೀಚಿನ ಜಾಗ, ಅಪ್ಪನ ಸಹಿ

ಗೋಕರ್ಣದ ಓಂ ಬೀಚಿಗೆ ಪ್ರವಾಸಿಗರು ಬರತೊಡಗಿದ ಮೇಲೆ ಸುತ್ತಲಿನ ಗುಡ್ಡದ ಜಾಗಕ್ಕೂ ಬೆಲೆ ಬಂತು. ಬೆಂಗಳೂರಲ್ಲಿ ಕೂತು ಕೋಡ್ ಬರೆಯುವ ನನ್ನಂಥವರಿಗೆ ಊರಿನ ಪಿತ್ರಾರ್ಜಿತ ಜಾಗ ಮಾರಿದ್ದು ಗೊತ್ತಾಗುವುದು ಎಷ್ಟೋ ಸಲ ಪಹಣಿಯಲ್ಲಿ ಬೇರೆಯವರ ಹೆಸರು ಕಂಡಾಗ! ಕ್ರಯಪತ್ರದಲ್ಲಿ "ಗೃಹಕೃತ್ಯದ ಅಡಚಣೆಗಾಗಿ" ಎಂಬ ಒಂದು ಸಾಲು ಇರುತ್ತದೆ. ಅಷ್ಟು ಸಾಕೇ?

ಸಾಲದು. ಇದರ ಬೇರು 1856ರ ಹನುಮಾನ್ ಪ್ರಸಾದ್ ಪಾಂಡೆ ಮೊಕದ್ದಮೆಯಲ್ಲಿದೆ. ವಿಧವೆ ತಾಯಿಯೊಬ್ಬಳು ಚಿಕ್ಕ ಮಗನ ಆಸ್ತಿ ಅಡವಿಟ್ಟಿದ್ದಳು. ಲಂಡನ್ನಿನ ಪ್ರಿವಿ ಕೌನ್ಸಿಲ್ ಹೇಳಿದ್ದು ಇಷ್ಟು: ಅಗತ್ಯವಿದ್ದರೆ ಅಥವಾ ಆಸ್ತಿಗೆ ಒಳಿತಾಗುವುದಿದ್ದರೆ ಮಾತ್ರ ಆ ಅಧಿಕಾರ. ಹಣ ಕೊಡುವವನು ಅಗತ್ಯ ನಿಜವೇ ಎಂದು ವಿಚಾರಿಸಬೇಕು. ಪ್ರಾಮಾಣಿಕವಾಗಿ ವಿಚಾರಿಸಿದ್ದರೆ, ಆಮೇಲೆ ಹಣ ಎಲ್ಲಿ ಹೋಯಿತು ಎಂಬುದಕ್ಕೆ ಅವನು ಹೊಣೆಯಲ್ಲ. ಮುಂದೆ ಇದೇ ಅಳತೆಗೋಲು ಕುಟುಂಬದ ಕರ್ತನಿಗೂ ಬಂತು. ಹಾಗಾಗಿ ಸಾಲ, ಮದುವೆ, ಚಿಕಿತ್ಸೆ ಏನೇ ಇರಲಿ, ಅದನ್ನು ರುಜುವಾತು ಮಾಡಬೇಕಾದವನು ಕೊಂಡವನೇ.

ಅಗತ್ಯ ರುಜುವಾತಾಗದಿದ್ದರೆ ಇಡೀ ಮಾರಾಟ ಬಿದ್ದುಹೋಗುತ್ತದೆಯೇ? ಇಲ್ಲಿ ನಮ್ಮ ಜಿಲ್ಲೆಯ ಚರಿತ್ರೆ ಕೆಲಸ ಮಾಡುತ್ತದೆ ನೋಡಿ. 1862ರಲ್ಲಿ ಉತ್ತರ ಕನ್ನಡ ಮದ್ರಾಸಿನಿಂದ ಮುಂಬೈ ಪ್ರಾಂತ್ಯಕ್ಕೆ ಹೋಯಿತು. 1873ರ ವಾಸುದೇವ ಭಟ್ ಪ್ರಕರಣದಲ್ಲಿ ಬಾಂಬೆ ಹೈಕೋರ್ಟು, ಹಣ ಪಡೆದು ತನ್ನ ಅವಿಭಕ್ತ ಪಾಲನ್ನು ಮಾರಲು ಉಳಿದವರ ಒಪ್ಪಿಗೆ ಬೇಡ ಎಂದಿತು. ಮದ್ರಾಸಿನಲ್ಲೂ ಹೀಗೇ. ಉತ್ತರ ಭಾರತದ ಹಲವೆಡೆ ಮಾತ್ರ ಇಡೀ ಮಾರಾಟವೇ ರದ್ದಾಗಬಹುದು.

ಒಂದು ಕಲ್ಪಿತ ಲೆಕ್ಕ ನೋಡೋಣ. ತಾಯಿ ತೀರಿಕೊಂಡಿದ್ದಾರೆ, ಅಪ್ಪ, ಮಗ, ಮಗಳು ಇದ್ದಾರೆ. 2018ರಲ್ಲಿ ಅಪ್ಪ 30 ಗುಂಟೆ ಮಾರಿದರು. ಅಗತ್ಯ ರುಜುವಾತಾಗಲಿಲ್ಲ. ಆಗ ಕೊಂಡವನಿಗೆ ದಕ್ಕುವುದು ಅಪ್ಪನ ಮೂರನೇ ಒಂದು ಪಾಲು, ಅಂದರೆ 10 ಗುಂಟೆಯಷ್ಟೇ. ಅದೂ ಸಮುದ್ರದ ಕಡೆಯ 10 ಗುಂಟೆಯೇ ಬೇಕು ಎನ್ನುವಂತಿಲ್ಲ, ವಿಭಾಗದಲ್ಲಿ ಬಂದದ್ದು. ಮಕ್ಕಳು ದಾವೆಯಲ್ಲಿ "ಈ ಕ್ರಯ ನಮ್ಮ ಪಾಲಿಗೆ ಬಂಧನಕಾರಿಯಲ್ಲ" ಎಂಬ ಘೋಷಣೆಯ ಜೊತೆ ವಿಭಾಗ ಮತ್ತು ಸ್ವಾಧೀನವನ್ನೂ ಕೇಳಬೇಕು.

ಗಡುವು ಮರೆಯಬೇಡಿ. ಅಪ್ಪ ಮಾಡಿದ ಪರಭಾರೆಯನ್ನು ರದ್ದು ಮಾಡಿಸಲು, ಕೊಂಡವನು ಸ್ವಾಧೀನಕ್ಕೆ ಬಂದ ದಿನದಿಂದ 12 ವರ್ಷ. 2018ರಲ್ಲೇ ಸ್ವಾಧೀನ ಹೋಗಿದ್ದರೆ 2030ರವರೆಗೆ. ಇನ್ನು 2005ರ ತಿದ್ದುಪಡಿ ಮಗಳಿಗೂ ಹುಟ್ಟಿನಿಂದಲೇ ಪಾಲು ಕೊಟ್ಟಿದ್ದರೂ, 20 ಡಿಸೆಂಬರ್ 2004ಕ್ಕೆ ಮೊದಲಿನ ಮಾರಾಟವನ್ನು ಆ ತಿದ್ದುಪಡಿಯ ಬಲದಿಂದ ಅವಳು ಪ್ರಶ್ನಿಸಲಾಗದು.

ಹಾಗೆಯೇ, ಮಾರುವ ಮೊದಲೇ ಅಪ್ಪನನ್ನು ತಡೆಯಲು ಇಂಜಂಕ್ಷನ್ ಸಿಗುವುದಿಲ್ಲ ಎಂದು ಸುಪ್ರೀಂ ಕೋರ್ಟು 1988ರಲ್ಲೇ ಹೇಳಿದೆ. ಹಾಗಾಗಿ ಪಹಣಿಯನ್ನು ಆಗಾಗ ತೆಗೆದು ನೋಡುತ್ತಿರಿ.