ಆಜವಾದ ನೀರು ಮತ್ತು ಮೂಡಿ ನಕ್ಷೆ: ಒಂದು ತಪ್ಪು ಓದಿನ ತಿದ್ದುಪಡಿ

ಹತ್ತೊಂಬತ್ತನೆಯ ಶತಮಾನದ ನೀರಿನ ಕೊಳವೆಗಳ ವ್ಯಾಸವೆಲ್ಲ ಬೇಕಾದದ್ದಕ್ಕಿಂತ ಹೆಚ್ಚು, ಮೂಡಿ ನಕ್ಷೆ ಇಲ್ಲದ ಕಾಲದ ಇಂಜಿನಿಯರರು ಹೆದರಿ ಹಾಗೆ ಮಾಡಿದರು ಎಂದು ನನಗೆ ಗುರುಸಮಾನರಾದ ಹಿರಿಯರೊಬ್ಬರು ವಾದಿಸುತ್ತಿದ್ದರು. ಅವರಿಂದ ಕಲಿತದ್ದು ಬಹಳ. ಆದರೂ ಈ ಮಾತನ್ನು ಒಪ್ಪಲಾರೆ. ಅವರು ನಕ್ಷೆಯನ್ನು ಸರಿಯಾಗಿಯೇ ಓದಿದರು, ಆದರೆ ಅದು ಯಾವ ಕೊಳವೆಯ ನಕ್ಷೆ ಎಂದು ಕೇಳಿಕೊಳ್ಳಲಿಲ್ಲ.

ಮೂರನೆಯ ಸಯಾಜಿರಾವ್ ಗಾಯಕ್‌ವಾಡರು ಕಟ್ಟಿಸಿದ ಆಜವಾ ಕೆರೆಯಿಂದ ವಡೋದರಾಕ್ಕೆ 1892ರಿಂದ ಕೊಳವೆಯಲ್ಲಿ ನೀರು ಹರಿದುಬಂತು. ಕೆರೆ ಎತ್ತರದಲ್ಲಿದೆ, ಊರು ತಗ್ಗಿನಲ್ಲಿದೆ. ನೀರನ್ನು ತಂದದ್ದು ಆ ಇಳಿಜಾರೇ. ಪಂಪು ಇಲ್ಲದ ಇಂಥ ವ್ಯವಸ್ಥೆಯಲ್ಲಿ ಘರ್ಷಣೆ ತಿಂದಷ್ಟು ನೀರು ಊರಿಗೆ ಕಡಿಮೆ.

ಲೆಕ್ಕಕ್ಕೆ ಒಂದು ಮಾದರಿ ಹಿಡಿಯೋಣ: 20 ಕಿ.ಮೀ. ಉದ್ದ, 25 ಮೀಟರ್ ಇಳಿತ, 750 ಮಿ.ಮೀ. ವ್ಯಾಸದ ಎರಕದ ಕಬ್ಬಿಣದ ಕೊಳವೆ. (ಆಜವಾದ ಕೊಳವೆಯ ನಿಜವಾದ ಅಳತೆ ಇದಲ್ಲ. ಮಾದರಿಯನ್ನೇ ದಾಖಲೆಯೆಂದು ಉಲ್ಲೇಖಿಸುವವರು ನಮ್ಮಲ್ಲಿದ್ದಾರೆ, ಅದಕ್ಕೆ ಈ ಎಚ್ಚರಿಕೆ.) ಸೂತ್ರ ಪರಿಚಿತವೇ:

```
h = f (L/D) V²/2g
```

ಎರಕದ ಕಬ್ಬಿಣಕ್ಕೆ ಮೂಡಿ ಕೊಡುವ ಒರಟುತನ 0.26 ಮಿ.ಮೀ. ಇದನ್ನು ವ್ಯಾಸದಿಂದ ಭಾಗಿಸಿ, ರೆನಾಲ್ಡ್ಸ್ ಸಂಖ್ಯೆ ಸುಮಾರು 9 ಲಕ್ಷದ ಹತ್ತಿರ ನಕ್ಷೆ ನೋಡಿದರೆ f ಸುಮಾರು 0.016. ವೇಗ ಸೆಕೆಂಡಿಗೆ 1.06 ಮೀಟರ್, ದಿನಕ್ಕೆ ಸುಮಾರು 4 ಕೋಟಿ ಲೀಟರ್. ಹಿರಿಯರ ಲೆಕ್ಕ ಇಲ್ಲಿಗೇ ನಿಲ್ಲುತ್ತಿತ್ತು.

ಆದರೆ ಮೂಡಿಯ 1944ರ ಪ್ರಬಂಧದಲ್ಲಿ ಆ ಬೆಲೆ ಇರುವುದು ಹೊಸ, ಶುಭ್ರ ಕೊಳವೆಗೆ. ತಾನು ಹೊಸದೇನೂ ಹೇಳುತ್ತಿಲ್ಲ, ಒಪ್ಪಿತವಾದದ್ದನ್ನು ಬಳಕೆಗೆ ಒಗ್ಗಿಸುತ್ತಿದ್ದೇನೆ ಎಂದು ಮೂಡಿಯೇ ಸ್ಪಷ್ಟಪಡಿಸಿದ್ದಾರೆ. ನಕ್ಷೆಯ ತಿರುಳು ಕೋಲ್‌ಬ್ರೂಕ್ 1939ರಲ್ಲಿ ಕೊಟ್ಟ ಸಮೀಕರಣ. ಅದೇ ಕೋಲ್‌ಬ್ರೂಕ್ 1937ರಲ್ಲಿ ವೈಟ್ ಜೊತೆ ಬರೆದ ಇನ್ನೊಂದು ಪ್ರಬಂಧ, ಕೊಳವೆ ಹಳತಾದಂತೆ ಅದರ ಸಾಮರ್ಥ್ಯ ಕುಗ್ಗುವುದರ ಕುರಿತದ್ದು, ನಮ್ಮ ಚರ್ಚೆಗಳಲ್ಲಿ ಕಾಣುವುದೇ ಇಲ್ಲ. ಒರಟುತನ ವರ್ಷದಿಂದ ವರ್ಷಕ್ಕೆ ಹೆಚ್ಚುಕಡಿಮೆ ಸಮನಾಗಿ ಬೆಳೆಯುತ್ತದೆ, ಬೆಳೆಯುವ ವೇಗ ನೀರಿನ ಗುಣವನ್ನು ಅವಲಂಬಿಸುತ್ತದೆ ಎಂಬುದು ಅದರ ಸಾರ.

ನಮ್ಮ ಮಾದರಿಯಲ್ಲಿ ತುಕ್ಕಿನ ಗಂಟುಗಳು ಒರಟುತನವನ್ನು 3 ಮಿ.ಮೀ.ಗೆ ಏರಿಸಿದವು ಎನ್ನಿ. f 0.028ಕ್ಕೆ ಏರುತ್ತದೆ, ವೇಗ 0.8ಕ್ಕೆ ಇಳಿಯುತ್ತದೆ, ನೀರು ಸುಮಾರು ಕಾಲುಭಾಗ ಕಡಿಮೆಯಾಗುತ್ತದೆ. ಕೆರೆಯೂ ಅದೇ, ಇಳಿಜಾರೂ ಅದೇ.

ಆಗಿನವರಿಗೆ ಇದು ಗೊತ್ತಿರಲಿಲ್ಲವೇ? ಪ್ರಯೋಗಗಳ ಬಲದಿಂದ ಡಾರ್ಸಿ 1857ರಲ್ಲೇ ಬರೆದಿದ್ದರು: ಹಳೆಯ, ಕಿಲುಬು ಕಟ್ಟಿದ ಕೊಳವೆಗೆ ಹೊಸದರ ಗುಣಾಂಕವನ್ನು ಇಮ್ಮಡಿ ಮಾಡಿಕೊಳ್ಳಬೇಕು. ನನ್ನ ವಾದ ನಿಂತಿರುವುದು ಇದರ ಮೇಲೆ. ಹರಿವು, ಇಳಿತ ಎರಡನ್ನೂ ಹಾಗೆಯೇ ಇಟ್ಟರೆ ಬೇಕಾದ ವ್ಯಾಸ f ನ ಐದನೆಯ ಮೂಲದಂತೆ ಬದಲಾಗುತ್ತದೆ. f ಇಮ್ಮಡಿಯಾದರೆ ವ್ಯಾಸ ಶೇ. 15ರಷ್ಟೇ ಹೆಚ್ಚಬೇಕು. ಹಾಗೆ ಹಾಕಿದ ಕೊಳವೆ ಹೊಸದಿದ್ದಾಗ ಬೇಡಿಕೆಗಿಂತ ಶೇ. 40ರಷ್ಟು ಹೆಚ್ಚು ನೀರು ತರುತ್ತದೆ. ಹಿರಿಯರು ಹೆದರಿಕೆ ಎಂದು ಕರೆದದ್ದು ಈ ಶೇ. 40ನ್ನು. ಮುದಿತನಕ್ಕೆಂದು ಹೊಲಿಸಿದ ಅಂಗಿಯನ್ನು ಮಗುವಿಗೆ ತೊಡಿಸಿ ದೊಗಲೆ ಎಂದಂತಾಯಿತು.

‘ತಿರುವು, ವಾಲ್ವುಗಳ ನಷ್ಟವನ್ನೂ ಆಗಿನ ಇಂಜಿನಿಯರರು ಬಿಟ್ಟಿದ್ದರು’ ಎಂಬ ಆಕ್ಷೇಪವೂ ಉಂಟು. ಎಣಿಸಿ ನೋಡಿ. 40 ಬೆಂಡುಗಳಿಗೆ ತಲಾ 0.3, ಹತ್ತು ಗೇಟ್ ವಾಲ್ವುಗಳಿಗೆ ತಲಾ 0.2, ಪ್ರವೇಶಕ್ಕೆ 0.5, ನಿರ್ಗಮಕ್ಕೆ 1. ಒಟ್ಟು K 15.5. ವೇಗ 1.06 ಇದ್ದಾಗ ನಷ್ಟ 0.9 ಮೀಟರ್, ಅಂದರೆ 25ರಲ್ಲಿ ಶೇ. 4ಕ್ಕಿಂತ ಕಡಿಮೆ. ನಕ್ಷೆಯ f ಬೆಲೆಯಲ್ಲೇ ಶೇ. 10ರ ಅನಿಶ್ಚಯವಿದೆ. ಬಿಟ್ಟದ್ದರಲ್ಲಿ ತಪ್ಪಿಲ್ಲ. ಸೂರತ್ತಿನ ಬಣ್ಣದ ಕಾರ್ಖಾನೆಯ ಒಳಗಿನ ಕೊಳವೆಯಾದರೆ ಮಾತು ಬೇರೆ. 12 ಮೀಟರ್ ಉದ್ದದ 50 ಮಿ.ಮೀ. ಕೊಳವೆಯಲ್ಲಿ f 0.025 ಹಿಡಿದರೆ ನೇರ ಭಾಗದ ಪಾಲು 6, ಆರು ಎಲ್ಬೋ ಮತ್ತು ಒಂದು ಗ್ಲೋಬ್ ವಾಲ್ವಿನ ಪಾಲು 15.4. ಅಲ್ಲಿ ‘ಸಣ್ಣ ನಷ್ಟ’ ಎಂಬ ಹೆಸರೇ ಸುಳ್ಳು.

ನನ್ನ ವಾದಕ್ಕೂ ಮಿತಿಯಿದೆ. ಎರಡು ಕಡೆ ಒತ್ತಡ ಅಳೆದು, ಎತ್ತರದ ವ್ಯತ್ಯಾಸ ಸೇರಿಸಿ, ಹರಿವು ತಿಳಿದು f ತೆಗೆದರೆ ಕೊಳವೆಯ ಮುಪ್ಪು ಕಾಣುತ್ತದೆ, ನಿಜ. ಆದರೆ ಗಂಟುಗಳು ಒರಟುತನವನ್ನು ಹೆಚ್ಚಿಸುವುದರ ಜೊತೆಗೆ ಒಳವ್ಯಾಸವನ್ನೂ ಕಿರಿದು ಮಾಡುತ್ತವೆ. ವ್ಯಾಸ ಶೇ. 5 ಕುಗ್ಗಿದರೆ ಅಷ್ಟೇ ಹರಿವಿಗೆ ನಷ್ಟ ಶೇ. 29 ಏರುತ್ತದೆ. ಮೂಲ ವ್ಯಾಸವನ್ನೇ ಹಿಡಿದು ತೆಗೆದ f ನಲ್ಲಿ ಈ ಎರಡೂ ಬೆರೆತಿರುತ್ತವೆ. ಕೊಳವೆಯ ಒಂದು ತುಂಡನ್ನು ಕತ್ತರಿಸಿ ಒಳಗೆ ನೋಡದೆ ಅವನ್ನು ಬೇರ್ಪಡಿಸಲಾಗದು.  ಆದರೆ ಕೊಳವೆ ಹಾಕುವವನಿಗೆ ಬೇಕಿದ್ದದ್ದು ಅವೆರಡರ ಮೊತ್ತವೇ.